ಎಚ್-1ಬಿ ಕೆಲಸ ಹೋದ ಮೇಲೆ 60 ದಿನ: ಲೆಕ್ಕ ಎಲ್ಲಿಂದ, ತಿಳಿಸಬೇಕಾದವರು ಯಾರು, ಮುಂದಿನ ದಾರಿ ಯಾವುದು?

ಪ್ರಶ್ನೆ: ನನ್ನ ಮಗಳು 2018ರಿಂದ ಅಮೆರಿಕದಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡುತ್ತಿದ್ದಳು. ಮನೆ ಡಲ್ಲಾಸ್ ಹತ್ತಿರ. ಈ ಜನವರಿ 5ರಂದು ಕಂಪನಿ ಲೇಆಫ್ ಮಾಡಿತು, ಅಂದೇ ಲ್ಯಾಪ್‌ಟಾಪ್ ಬಂದ್. ಜನವರಿ 30ರ ತನಕ ಸಂಬಳ, ಆಮೇಲೆ 12 ವಾರದ ಸೆವೆರೆನ್ಸ್ ಕೊಡುತ್ತಾರಂತೆ. ಹಾಗಾಗಿ ಜೂನ್ ತನಕ ಸಮಯ ಇದೆ ಅನ್ನುತ್ತಾಳೆ. ಐ-94 2027ರ ನವೆಂಬರ್‌ವರೆಗೆ ಇದೆ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದು ಎರಡು ವರ್ಷವಾಯಿತು. 2023ರಲ್ಲಿ ಐ-140 ಅಪ್ರೂವ್ ಆಗಿದೆ. ಅಳಿಯ ಎಚ್-4, ಮೊಮ್ಮಗ ಅಲ್ಲೇ ಹುಟ್ಟಿದವನು. ಲಂಡನ್ನಿನಲ್ಲಿರುವ ನನ್ನ ತಮ್ಮನ ಮಗನಿಗೆ ಕೆಲಸ ಹೋದಾಗ ಸರ್ಕಾರದಿಂದಲೇ ಪತ್ರ ಬಂದಿತ್ತು, ಇವಳಿಗೂ ಬರುತ್ತದೆಯೆ? ನಾವೇ ಹೋಗಿ ತಿಳಿಸಬೇಕೆ? ಒಬ್ಬ ಕನ್ಸಲ್ಟೆನ್ಸಿಯವರು ಪೇರೋಲ್ ತೋರಿಸಿಕೊಡುತ್ತೇವೆ ಅನ್ನುತ್ತಿದ್ದಾರೆ. ಸುಮ್ಮನೆ ಊರಿಗೆ ಬಂದು ಇಲ್ಲಿಂದ ಪ್ರಯತ್ನಿಸು ಅನ್ನುವುದು ನನ್ನ ಮಾತು. ಯಾವುದು ಸರಿ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಬಸವನಗುಡಿ

ಉತ್ತರ: ಜೂನ್ ಅನ್ನುವ ಲೆಕ್ಕವನ್ನು ಇವತ್ತೇ ಬಿಟ್ಟುಬಿಡಲು ಹೇಳಿ. ನಿಮ್ಮ ಮಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ದಿನಾಂಕ ಮಾರ್ಚ್ 6. ಉಳಿದ ಎಲ್ಲ ಮಾತೂ ಇದರ ಮೇಲೆ ನಿಂತಿರುವುದರಿಂದ ಈ ದಿನಾಂಕ ಹೇಗೆ ಬಂತು ಅನ್ನುವುದನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಎಚ್-1ಬಿ ಕೆಲಸಗಾರರಿಗೆ 2017ರ ಜನವರಿ 17ರ ತನಕ ಈ 60 ದಿನದ ರಿಯಾಯಿತಿಯೇ ಇರಲಿಲ್ಲ. ಕೆಲಸ ಹೋದ ಮರುದಿನದಿಂದಲೇ ಸ್ಟೇಟಸ್, ಅಂದರೆ ಕಾನೂನುಬದ್ಧವಾಗಿ ಅಲ್ಲಿರುವ ನೆಲೆ, ಹೋದಂತೆ ಆಗುತ್ತಿತ್ತು. ಅಂದು ಜಾರಿಗೆ ಬಂದ ನಿಯಮದ ಪ್ರಕಾರ ಈಗ ಕೆಲಸ ನಿಂತ ಮರುದಿನದಿಂದ ಸತತ 60 ದಿನ, ಅಥವಾ ಪ್ರವೇಶ ಮತ್ತು ವಾಸದ ಅವಧಿಯ ದಾಖಲೆಯಾದ ಐ-94 ಮುಗಿಯುವ ದಿನ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಯ ತನಕ ಕೆಲಸಗಾರರೂ ಅವರನ್ನು ಅವಲಂಬಿಸಿದ ಕುಟುಂಬವೂ ಸ್ಟೇಟಸ್‌ನಲ್ಲೇ ಇದ್ದಾರೆ ಎಂದು ಪರಿಗಣಿಸಲಾಗುತ್ತದೆ. ಶನಿವಾರ, ಭಾನುವಾರ, ರಜಾದಿನ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಒಂದು ಅನುಮೋದಿತ ಅವಧಿಯಲ್ಲಿ ಇದು ಒಂದೇ ಸಲ ಸಿಗುತ್ತದೆ. ನಿಯಮದಲ್ಲಿರುವುದು '60 ದಿನಗಳವರೆಗೆ' ಎಂಬ ಮಾತು. ಇದನ್ನು ಕಡಿಮೆ ಮಾಡುವ ಅಥವಾ ಕೊಡದೇ ಇರುವ ಅಧಿಕಾರವನ್ನು ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿದೆ.

ಈಗ ಕೆಲಸ ನಿಂತದ್ದು ಯಾವಾಗ? ಯುಎಸ್‌ಸಿಐಎಸ್, ಅಂದರೆ ಅಮೆರಿಕದ ವಲಸೆ ಇಲಾಖೆ, ಸಾಮಾನ್ಯವಾಗಿ ಸಂಬಳ ಕೊಟ್ಟ ಕೊನೆಯ ದಿನವನ್ನು ನೋಡುತ್ತೇವೆ ಎಂದು ಹೇಳಿದೆ. ಈ ಮಾತು ಹಿಡಿದರೆ ಜನವರಿ 30 ಕೊನೆಯ ದಿನ, 31 ಮೊದಲನೆಯ ದಿನ, 60ನೇ ದಿನ ಮಾರ್ಚ್ 31. ಆದರೆ ನಿಮ್ಮ ಮಗಳು ಜನವರಿ 5ರ ನಂತರ ಒಂದು ದಿನವೂ ಕೆಲಸ ಮಾಡಿಲ್ಲ. ಮನೆಯಲ್ಲಿ ಕೂರಿಸಿ ಕೊಟ್ಟ ಆ ಮೂರು ವಾರದ ಸಂಬಳವನ್ನು ಒಬ್ಬ ಅಧಿಕಾರಿ ಉದ್ಯೋಗ ಎಂದು ಒಪ್ಪಬಹುದು, ಇನ್ನೊಬ್ಬರು ಜನವರಿ 5ಕ್ಕೇ ಕೆಲಸ ಮುಗಿದಿತ್ತು ಎನ್ನಬಹುದು. ಹಾಗೆ ಎಣಿಸಿದರೆ ಜನವರಿ 6 ಮೊದಲ ದಿನ, ಮಾರ್ಚ್ 6 ಅರವತ್ತನೆಯ ದಿನ. ಕಂಪನಿ ಕೊಟ್ಟ ಪತ್ರದಲ್ಲಿ ಉದ್ಯೋಗ ಮುಕ್ತಾಯದ ದಿನಾಂಕ ಎಂದು ಯಾವುದನ್ನು ಬರೆದಿದ್ದಾರೆ ಎಂದು ನೋಡಿಸಿ. ಅದು ಜನವರಿ 30 ಆಗಿದ್ದರೆ ವಾದಕ್ಕೆ ಬಲ ಬರುತ್ತದೆ. ಆದರೂ ಯೋಜನೆ ಮಾರ್ಚ್ 6ಕ್ಕೇ ಇರಲಿ. ಮಾರ್ಚ್ 31 ಅನ್ನುವುದು ಏನಾದರೂ ಎಡವಟ್ಟಾದರೆ ವಕೀಲರು ಮುಂದಿಡುವ ವಾದವಾಗಿ ಉಳಿದುಕೊಳ್ಳಲಿ.

12 ವಾರದ ಸೆವೆರೆನ್ಸ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಕೆಲಸ ಮುಗಿದ ಮೇಲೆ ಕೊಡುವ ಪರಿಹಾರದ ಹಣ. ಒಂದೇ ಕಂತಿನಲ್ಲಿ ಕೊಟ್ಟರೂ ಅಷ್ಟೇ, ತಿಂಗಳು ತಿಂಗಳು ಸಂಬಳದ ಹಾಗೆ ಖಾತೆಗೆ ಹಾಕಿದರೂ ಅಷ್ಟೇ. ತಿಂಗಳ ಕೊನೆಗೆ ಹಣ ಬರುತ್ತಿರುವುದನ್ನು ಕಂಡು 'ಇನ್ನೂ ಪೇರೋಲ್‌ನಲ್ಲೇ ಇದ್ದೇನೆ' ಎಂದು ನಂಬಿ ಕೂತವರನ್ನು ನಾನು ನೋಡಿದ್ದೇನೆ. ಅವರು ವಕೀಲರ ಹತ್ತಿರ ಹೋಗುವ ಹೊತ್ತಿಗೆ 60 ದಿನ ದಾಟಿರುತ್ತದೆ.

ಇನ್ನು ಐ-94. ಅದು 2027ರ ನವೆಂಬರ್‌ವರೆಗೆ ಇರುವುದರಿಂದ 60 ದಿನಕ್ಕೆ ಅದು ಅಡ್ಡ ಬರುವುದಿಲ್ಲ, ಅಷ್ಟೇ ಅದರ ಉಪಯೋಗ. ಅಲ್ಲಿಯ ತನಕ ಇರಬಹುದು ಎಂದು ಅದರ ಅರ್ಥವಲ್ಲ. ಐ-94ರ ದಿನಾಂಕ ಎಚ್-1ಬಿ ಕೆಲಸ ಮಾಡುತ್ತಿರುವವರೆಗೆ ಅನ್ನುವ ಷರತ್ತಿನ ಮೇಲೆ ಕೊಟ್ಟದ್ದು. 60 ದಿನ ದಾಟಿ ಏನೂ ಮಾಡದೆ ಕೂತರೆ ಸ್ಟೇಟಸ್ ಹೋಗುತ್ತದೆ. ಜನ ಗೊಂದಲ ಮಾಡಿಕೊಳ್ಳುವ ಇನ್ನೊಂದು ಲೆಕ್ಕ ಬೇರೆಯೇ ಇದೆ: ಅನಧಿಕೃತ ವಾಸದ ದಿನಗಳು. ಅದು 180 ದಿನ ದಾಟಿದ ಮೇಲೆ ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ತಲುಪಿದರೆ ಹತ್ತು ವರ್ಷ ಮತ್ತೆ ಒಳಗೆ ಬಿಡುವುದಿಲ್ಲ. ಆ ಎಣಿಕೆ ಸಾಮಾನ್ಯವಾಗಿ ಐ-94 ಮುಗಿದ ಮೇಲೆ, ಅಥವಾ ಸ್ಟೇಟಸ್ ಹೋಗಿದೆ ಎಂದು ಇಲಾಖೆಯೋ ವಲಸೆ ನ್ಯಾಯಾಧೀಶರೋ ತೀರ್ಮಾನ ಕೊಟ್ಟ ಮೇಲೆ ಶುರುವಾಗುತ್ತದೆ. ಹಾಗಾಗಿ ಮಾರ್ಚ್ 7ಕ್ಕೇ ಮೂರು ವರ್ಷದ ನಿಷೇಧ ಬಂದುಬಿಡುತ್ತದೆ ಎಂದು ಯಾರಾದರೂ ಹೆದರಿಸಿದರೆ ಅದು ಸುಳ್ಳು. ಆದರೆ ಮಾರ್ಚ್ 7ರಂದು ಅಮೆರಿಕದೊಳಗಿಂದಲೇ ಬೇರೆ ಸ್ಟೇಟಸ್ ಅಥವಾ ಹೊಸ ಕಂಪನಿಗೆ ಬದಲಾಯಿಸಿಕೊಳ್ಳುವ ಬಾಗಿಲು ಹೆಚ್ಚುಕಡಿಮೆ ಮುಚ್ಚುತ್ತದೆ ಅನ್ನುವುದು ನಿಜ. ಅಸಾಧಾರಣ ಕಾರಣ ತೋರಿಸಿ ತಡವನ್ನು ಮನ್ನಿಸಿ ಎಂದು ಕೇಳಲು ಅವಕಾಶವಿದೆ, ಆದರೆ ಕೊಡುವುದು ಬಿಡುವುದು ಅವರ ಇಷ್ಟ. ದಿನಾಂಕವನ್ನು ನಿಮ್ಮ ಮಗಳು i94.cbp.dhs.gov ತಾಣದಲ್ಲಿ ಒಮ್ಮೆ ತಾವೇ ನೋಡಿಕೊಳ್ಳಲಿ. ಕೊನೆಯ ಬಾರಿ ದೇಶದೊಳಗೆ ಬಂದಾಗ ಕೊಟ್ಟ ಐ-94 ಒಂದು, ನಂತರ ಐ-797 ಅನುಮೋದನೆ ಪತ್ರದ ಕೆಳಗೆ ಬಂದ ಐ-94 ಇನ್ನೊಂದು ಇರಬಹುದು. ಸಾಮಾನ್ಯವಾಗಿ ತೀರಾ ಇತ್ತೀಚೆಗೆ ಸಿಕ್ಕಿದ್ದು ಲೆಕ್ಕ.

ಪತ್ರದ ವಿಷಯಕ್ಕೆ ಬರೋಣ. ನಿಮ್ಮ ತಮ್ಮನ ಮಗನಿಗೆ ಬಂದ ಪತ್ರ ನಿಜ, ಆದರೆ ಅದು ಬ್ರಿಟನ್ನಿನ ಪದ್ಧತಿ. ಅಲ್ಲಿ ಸ್ಪಾನ್ಸರ್ ಕಂಪನಿ 10 ಕೆಲಸದ ದಿನಗಳೊಳಗೆ ಹೋಮ್ ಆಫೀಸಿಗೆ ವರದಿ ಮಾಡಬೇಕು. ಆಮೇಲೆ ಹೋಮ್ ಆಫೀಸ್ ವೀಸಾ ಅವಧಿಯನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕು ಮಾಡಿ ಪತ್ರ ಕಳಿಸುತ್ತದೆ, ಗಡಿಯಾರ ಓಡುವುದು ಆ ಪತ್ರದಿಂದ. ಅಮೆರಿಕದಲ್ಲಿ ಎಣಿಕೆ ಶುರುವಾಗಲು ಯಾವ ಪತ್ರವೂ ಬರಬೇಕಾಗಿಲ್ಲ, ಕೆಲಸ ನಿಂತ ದಿನವೇ ಅದಕ್ಕೆ ಆಧಾರ. ಎರಡೂ ಕಡೆ 60 ಅನ್ನುವ ಒಂದೇ ಸಂಖ್ಯೆ ಇರುವುದರಿಂದ ಬೆಂಗಳೂರಿನ ಮನೆಗಳಲ್ಲಿ ಈ ಎರಡೂ ಕಲಸಿಹೋಗಿವೆ. ಪತ್ರಕ್ಕೆ ಕಾಯುವುದೇ ಅತ್ಯಂತ ದುಬಾರಿಯಾಗುವ ತಪ್ಪು ತಿಳಿವಳಿಕೆ.

ತಿಳಿಸುವ ಹೊಣೆ ಯಾರದು? ಅಮೆರಿಕದಲ್ಲಿ ಮುಖ್ಯವಾಗಿ ಕಂಪನಿಯದು. ಕೆಲಸದಿಂದ ತೆಗೆದ ಮೇಲೆ ಕಂಪನಿ ಕೂಡಲೇ ಯುಎಸ್‌ಸಿಐಎಸ್‌ಗೆ ತಿಳಿಸಿ ಅವರಿಗಾಗಿ ಹಾಕಿದ್ದ ಎಚ್-1ಬಿ ಪಿಟಿಷನ್ ಹಿಂತೆಗೆದುಕೊಳ್ಳಬೇಕು. ಅವಧಿ ಮುಗಿಯುವ ಮೊದಲೇ ತಾನಾಗಿ ತೆಗೆದಿದ್ದರೆ, ಊರಿಗೆ ಮರಳುವ ಪ್ರಯಾಣದ ನ್ಯಾಯವಾದ ಖರ್ಚನ್ನೂ ಕೊಡಬೇಕು. ಇದು ಕೆಲಸಗಾರರೊಬ್ಬರ ಟಿಕೆಟ್ಟಿಗೆ ಮಾತ್ರ, ಅಳಿಯ ಮತ್ತು ಮೊಮ್ಮಗನ ಖರ್ಚಿಗೆ ಕಂಪನಿ ಬಾಧ್ಯವಲ್ಲ. ತಾವೇ ರಾಜೀನಾಮೆ ಕೊಟ್ಟಿದ್ದರೆ ಈ ಹಕ್ಕು ಇರುವುದಿಲ್ಲ. ಹಾಗಾಗಿ ಎಚ್ಆರ್‌ನವರು 'ರಾಜೀನಾಮೆ ಅಂತ ತೋರಿಸೋಣ, ನಿಮಗೂ ಒಳ್ಳೆಯದು' ಎಂದರೆ ಒಪ್ಪುವ ಮೊದಲು ವಕೀಲರನ್ನು ಕೇಳಲಿ. ಕಂಪನಿ ಪಿಟಿಷನ್ ನಾಳೆಯೇ ಹಿಂತೆಗೆದುಕೊಂಡರೂ ಆ ಒಂದು ಕಾರಣಕ್ಕೆ 60 ದಿನ ಕಡಿಮೆಯಾಗುವುದಿಲ್ಲ.

ನಿಮ್ಮ ಮಗಳು 'ನನ್ನ ಕೆಲಸ ಹೋಯಿತು' ಎಂದು ಯಾವ ಕಚೇರಿಗೂ ಹೋಗಿ ಬರೆದುಕೊಡಬೇಕಾಗಿಲ್ಲ. ಅವರ ಮೇಲಿರುವ ಒಂದು ಹೊಣೆಯನ್ನು ಮಾತ್ರ ಬಹಳ ಜನ ಮರೆಯುತ್ತಾರೆ: ಮನೆ ಬದಲಾಯಿಸಿದರೆ 10 ದಿನದೊಳಗೆ ಹೊಸ ವಿಳಾಸವನ್ನು ಎಆರ್-11 ಮೂಲಕ ಯುಎಸ್‌ಸಿಐಎಸ್‌ಗೆ ತಿಳಿಸಬೇಕು. ಇದನ್ನು ಆನ್‌ಲೈನ್‌ನಲ್ಲೇ ಮಾಡಬಹುದು. ಲೇಆಫ್ ಆದ ಮೇಲೆ ಬಾಡಿಗೆ ಉಳಿಸಲು ಸ್ನೇಹಿತರ ಮನೆಗೆ ಹೋಗುವುದು ಸಾಮಾನ್ಯ, ಆಗಲೇ ಇದು ಮರೆತುಹೋಗುವುದು. ಅರ್ಜಿ ಬಾಕಿಯಿರುವಾಗ ನೋಟಿಸು ಹಳೆಯ ವಿಳಾಸಕ್ಕೆ ಹೋಗಿ, ಉತ್ತರ ಕೊಡಲಿಲ್ಲ ಎಂದು ಅರ್ಜಿ ತಿರಸ್ಕಾರವಾದರೆ ನಷ್ಟ ಅವರದೇ. ಮುಂದೆ ಯಾವ ಅರ್ಜಿಯಲ್ಲಾದರೂ, ವಿಮಾನ ನಿಲ್ದಾಣದಲ್ಲಾದರೂ ಕೆಲಸದ ಬಗ್ಗೆ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಈಗ ದಾರಿಗಳು. ನಿಮ್ಮ ಮಗಳ ಮಟ್ಟಿಗೆ ಒಳ್ಳೆಯ ದಾರಿ ಒಂದೇ: ಮಾರ್ಚ್ 6ರೊಳಗೆ ಹೊಸ ಕಂಪನಿಯ ಎಚ್-1ಬಿ ಪಿಟಿಷನ್ ಯುಎಸ್‌ಸಿಐಎಸ್ ಕೈ ಸೇರುವುದು. ಅವರು ಈಗಾಗಲೇ ಒಮ್ಮೆ ಲಾಟರಿಯಲ್ಲಿ ಎಣಿಕೆಯಾದವರು, ಮತ್ತೆ ಲಾಟರಿ ಬೇಕಿಲ್ಲ. ಎಚ್-1ಬಿಯ ಆರು ವರ್ಷದ ಮಿತಿ 2024ರಲ್ಲೇ ದಾಟಿರುವುದರಿಂದ, ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ್ದ ಐ-140ಯ ಆಧಾರದ ಮೇಲೆ ಹೊಸ ಕಂಪನಿಯೂ ಮೂರು ವರ್ಷದವರೆಗೆ ಕೇಳಬಹುದು. ಪಿಟಿಷನ್ ಸರಿಯಾಗಿ ಸಲ್ಲಿಕೆಯಾದ ಮೇಲೆ, ಅನುಮೋದನೆಗೆ ಕಾಯದೆ, ಹೊಸ ಕಂಪನಿಯಲ್ಲಿ ಕೆಲಸ ಶುರು ಮಾಡಬಹುದು. 60 ದಿನದೊಳಗೆ ಆಗಬೇಕಾದದ್ದು ಸಲ್ಲಿಕೆ, ಅನುಮೋದನೆಯಲ್ಲ.

ಆದರೆ ಸಲ್ಲಿಕೆ ಅನ್ನುವುದು ಆಫರ್ ಲೆಟರ್ ಬಂದ ದಿನ ಆಗುವ ಕೆಲಸವಲ್ಲ, ಎಷ್ಟೋ ಜನ ಸೋಲುವುದು ಇಲ್ಲೇ. ಪಿಟಿಷನ್ ಕಳಿಸುವ ಮೊದಲು ಹೊಸ ಕಂಪನಿ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ಪ್ರಮಾಣಪತ್ರ ಪಡೆಯಬೇಕು, ಅದಕ್ಕೆ ಏಳು ಕೆಲಸದ ದಿನ ಹಿಡಿಯುತ್ತದೆ. ಹಿಂದಕ್ಕೆ ಎಣಿಸಿ ನೋಡಿ. ಫೆಬ್ರುವರಿ 13, ಶುಕ್ರವಾರ ಆಫರ್ ಕೈಗೆ ಬಂತು ಅಂತಿಟ್ಟುಕೊಳ್ಳಿ. 16ನೇ ತಾರೀಖು ಸೋಮವಾರ ಅಲ್ಲಿ ಪ್ರೆಸಿಡೆಂಟ್ಸ್ ಡೇ, ರಜೆ. 17ಕ್ಕೆ ವಕೀಲರು ಎಲ್‌ಸಿಎ ಹಾಕಿದರೆ 26ಕ್ಕೆ ಬರುತ್ತದೆ. ಅಷ್ಟರಲ್ಲಿ ಡಿಗ್ರಿ, ಹಳೆಯ ಐ-797ಗಳು, ಇತ್ತೀಚಿನ ಪೇ ಸ್ಲಿಪ್‌ಗಳು ಎಲ್ಲ ತಯಾರಿದ್ದರೆ 27ಕ್ಕೆ ಕೊರಿಯರ್, ಮಾರ್ಚ್ 2ರ ಸೋಮವಾರ ತಲುಪುತ್ತದೆ. ಕೈಯಲ್ಲಿ ಉಳಿಯುವುದು ನಾಲ್ಕು ದಿನ. ಶುಲ್ಕದ ಮೊತ್ತ ತಪ್ಪಾಗಿ, ಸಹಿ ಬಿಟ್ಟುಹೋಗಿ ಪ್ಯಾಕೆಟ್ ವಾಪಸ್ ಬಂದರೆ ಆ ನಾಲ್ಕು ದಿನವೂ ಸಾಲುವುದಿಲ್ಲ. ಅಂಚೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ, ಅವರಿಗೆ ಮುಟ್ಟಿದ ದಿನವೇ ಲೆಕ್ಕ. ಆದ್ದರಿಂದ ಫೆಬ್ರುವರಿ 13ನ್ನು ಆಫರ್‌ಗೆ ಕೊನೆಯ ದಿನ ಎಂದೇ ಇಟ್ಟುಕೊಳ್ಳಲಿ. ಸಂದರ್ಶನಕ್ಕೆ ಹೋದ ಕಂಪನಿಗೆ ಎಚ್ಆರ್‌ನ ಮೊದಲ ಫೋನಿನಲ್ಲೇ 'ನನಗೆ ಎಚ್-1ಬಿ ವರ್ಗಾವಣೆ ಬೇಕು, ಮಾರ್ಚ್ ಮೊದಲ ವಾರದೊಳಗೆ ಸಲ್ಲಿಕೆಯಾಗಬೇಕು' ಎಂದು ಸ್ಪಷ್ಟವಾಗಿ ಹೇಳಲಿ. ಇದನ್ನು ಮುಚ್ಚಿಟ್ಟು ಕೊನೆಗೆ ಹೇಳಿದರೆ ಆಫರ್ ಉಳಿಯಬಹುದು, ದಿನ ಉಳಿಯುವುದಿಲ್ಲ.

ಪೇ ಸ್ಲಿಪ್ ಎಂದೆನಲ್ಲ, ಕಂಪನಿಯ ಪೋರ್ಟಲ್ ತೆರೆಯುವುದು ಜನವರಿ 30ರ ನಂತರ ನಿಂತುಹೋಗಬಹುದು. ಪೇ ಸ್ಲಿಪ್‌ಗಳು, ವರ್ಷದ ಸಂಬಳ ಮತ್ತು ತೆರಿಗೆಯ ವಿವರವಿರುವ ಡಬ್ಲ್ಯೂ-2, ಅನುಭವ ಪತ್ರ ಎಲ್ಲವನ್ನೂ ಈ ವಾರವೇ ಇಳಿಸಿಕೊಳ್ಳಲಿ.

ಫೆಬ್ರುವರಿ ಮುಗಿಯುತ್ತಾ ಬಂದರೂ ಆಫರ್ ಇಲ್ಲ ಅಂದರೆ? ಆಗ ಬರುವುದು ಎರಡನೆಯ ದಾರಿ: ಮಾರ್ಚ್ 6ರೊಳಗೆ ಐ-539 ಅರ್ಜಿ ಹಾಕಿ ಬಿ-2 ಸಂದರ್ಶಕರ ಸ್ಟೇಟಸ್‌ಗೆ ಬದಲಾವಣೆ ಕೇಳುವುದು. ಅಳಿಯನ ಹೆಸರನ್ನೂ ಅದೇ ಅರ್ಜಿಯಲ್ಲಿ ಸೇರಿಸಬಹುದು. ಮೊಮ್ಮಗ ಅಮೆರಿಕದ ಪ್ರಜೆ, ಅವನಿಗೆ ಏನೂ ಬೇಡ. ಸಮಯಕ್ಕೆ ಸರಿಯಾಗಿ, ನಿಜವಾದ ಕಾರಣದ ಮೇಲೆ ಹಾಕಿದ ಅರ್ಜಿ ಬಾಕಿಯಿರುವಷ್ಟು ಕಾಲ ಅನಧಿಕೃತ ವಾಸದ ದಿನಗಳು ಕೂಡುವುದಿಲ್ಲ. ಬಿ-2 ಮೇಲೆ ಇದ್ದು ಕೆಲಸ ಹುಡುಕುವುದು, ಸಂದರ್ಶನ ಕೊಡುವುದು ತಪ್ಪಲ್ಲ ಎಂದು ಇಲಾಖೆಯೇ ಹೇಳಿದೆ. ಕೆಲಸ ಮಾಡುವುದು ತಪ್ಪು. ಅಲ್ಲೇ ಕೂತು ಬೆಂಗಳೂರಿನ ಕಂಪನಿಗೆ ರಿಮೋಟ್ ಆಗಿ ಕೆಲಸ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಕೆಲವರು ಸಲಹೆ ಕೊಡುತ್ತಾರೆ. ಇಂಥ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ.

ಬಿ-2 ದಾರಿಯ ತೊಡಕನ್ನು ಸ್ವಲ್ಪ ನಿಧಾನವಾಗಿ ಓದಿ. ಅರ್ಜಿ ಬಾಕಿಯಿರುವುದು ಸ್ಟೇಟಸ್ ಅಲ್ಲ, ಅದೊಂದು ತಾತ್ಕಾಲಿಕ ಆಸರೆ. ಏಪ್ರಿಲ್‌ನಲ್ಲಿ ಆಫರ್ ಸಿಕ್ಕಿ ಹೊಸ ಕಂಪನಿ ಎಚ್-1ಬಿ ಹಾಕಿತು ಎನ್ನಿ. ಆಗ ಅರ್ಜಿ ಹಾಕಿದ ತಕ್ಷಣ ಕೆಲಸಕ್ಕೆ ಸೇರಲು ಆಗುವುದಿಲ್ಲ, ಎಚ್-1ಬಿ ಸ್ಟೇಟಸ್ ಬದಲಾವಣೆ ಅನುಮೋದನೆಯಾಗಿ ಜಾರಿಗೆ ಬರಬೇಕು. ಕಂಪನಿ ಪ್ರೀಮಿಯಂ ಶುಲ್ಕ ಕಟ್ಟಿದರೆ 15 ಕೆಲಸದ ದಿನದಲ್ಲಿ ಇಲಾಖೆ ಆ ಪಿಟಿಷನ್ನನ್ನು ಕೈಗೆತ್ತಿಕೊಂಡು ಉತ್ತರ ಕೊಡುತ್ತದೆ. ಆದರೆ ಮಧ್ಯದಲ್ಲಿರುವ ಬಿ-2 ಅರ್ಜಿ ತಿರಸ್ಕಾರವಾದರೆ ಮಾರ್ಚ್ 6ರಿಂದ ಏಪ್ರಿಲ್‌ವರೆಗಿನ ಸೇತುವೆಯೇ ಕುಸಿಯುತ್ತದೆ. ಎಚ್-1ಬಿ ಪಿಟಿಷನ್ ಒಪ್ಪಿಗೆಯಾದರೂ ಸ್ಟೇಟಸ್ ಬದಲಾವಣೆ ಸಿಗದೆ, ಹೊರಗೆ ಹೋಗಿ ವೀಸಾ ಹಾಕಿಸಿಕೊಂಡು ಬಾ ಎನ್ನುತ್ತಾರೆ. ಜೊತೆಗೆ 2025ರ ಫೆಬ್ರುವರಿ 28ರ ನೀತಿಯ ಪ್ರಕಾರ, ಅರ್ಜಿ ತಿರಸ್ಕಾರವಾಗಿ ಕಾನೂನುಬದ್ಧ ನೆಲೆ ಉಳಿಯದವರಿಗೆ ವಲಸೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸು ಕೂಡ ಬರಬಹುದು. ಆದ್ದರಿಂದ ಬಿ-2 ಅರ್ಜಿಯನ್ನು ಇಂಟರ್‌ನೆಟ್ಟಿನಲ್ಲಿ ಸಿಕ್ಕ ನಾಲ್ಕು ಸಾಲಿನಿಂದ ತುಂಬಿಸಬೇಡಿ. ಎಷ್ಟು ತಿಂಗಳು ಬೇಕು, ಯಾಕೆ ಬೇಕು (ಲೀಸ್ ಮುಗಿಸುವುದು, ಮಗುವಿನ ಶಾಲೆಯ ವರ್ಷ, ಸಾಮಾನು ಸಾಗಿಸುವುದು), ಆ ತಿಂಗಳುಗಳ ಖರ್ಚಿಗೆ ಬ್ಯಾಂಕಿನಲ್ಲಿ ಎಷ್ಟಿದೆ, ಬೆಂಗಳೂರಿನಲ್ಲಿ ಮರಳಿ ಬರಲು ಏನಿದೆ, ಇವಕ್ಕೆಲ್ಲ ಕಾಗದ ಇಡಬೇಕು. ನೀವು ಬ್ಯಾಂಕಿನಲ್ಲಿ ಇದ್ದವರು, ಹಣದ ದಾಖಲೆಯಲ್ಲಿ ಸಹಾಯ ಮಾಡಬಲ್ಲಿರಿ.

ಈ ತೊಡಕು ಮೊದಲಿನಿಂದಲೂ ಇತ್ತು, ಈಗ ಅದಕ್ಕೆ ತೆರಬೇಕಾದ ಬೆಲೆ ಬದಲಾಗಿದೆ. ನಿಮ್ಮ 'ಊರಿಗೆ ಬಂದುಬಿಡು' ಅನ್ನುವ ಮಾತಿಗೂ ಉತ್ತರ ಇದರಲ್ಲೇ ಇದೆ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಘೋಷಣೆಯಂತೆ, ಸೆಪ್ಟೆಂಬರ್ 21ರಿಂದ ಸಲ್ಲಿಸುವ ಕೆಲವು ಹೊಸ ಎಚ್-1ಬಿ ಪಿಟಿಷನ್‌ಗಳಿಗೆ ಕಂಪನಿ 1,00,000 ಡಾಲರ್ ಕಟ್ಟಬೇಕು, ಸುಮಾರು 90 ಲಕ್ಷ ರೂಪಾಯಿ. ಅಕ್ಟೋಬರ್ 20ರಂದು ಯುಎಸ್‌ಸಿಐಎಸ್ ಕೊಟ್ಟ ವಿವರಣೆ ಪ್ರಕಾರ, ಇದು ಅಮೆರಿಕದ ಹೊರಗಿದ್ದು, ಕೈಯಲ್ಲಿ ಚಾಲ್ತಿಯಲ್ಲಿರುವ ಎಚ್-1ಬಿ ವೀಸಾ ಇಲ್ಲದವರ ಹೊಸ ಪಿಟಿಷನ್‌ಗೆ ಅನ್ವಯ. ಅಮೆರಿಕದೊಳಗೇ ಇದ್ದು ಕಂಪನಿ ಬದಲಾಯಿಸುವವರಿಗೆ, ಅವಧಿ ವಿಸ್ತರಣೆ ಅಥವಾ ಸ್ಟೇಟಸ್ ಬದಲಾವಣೆ ಸಿಕ್ಕವರಿಗೆ ಇಲ್ಲ. ಆದರೆ ಒಳಗಿದ್ದುಕೊಂಡೇ ಕೇಳಿದರೂ, ಸ್ಟೇಟಸ್ ಸರಿಯಿರಲಿಲ್ಲ ಎಂದು ಆ ಬದಲಾವಣೆ ನಿರಾಕರಿಸಿದರೆ, ಅಥವಾ ತೀರ್ಮಾನಕ್ಕೆ ಮೊದಲೇ ಅವರು ದೇಶ ಬಿಟ್ಟರೆ, ಹಣ ಕಟ್ಟಬೇಕಾಗುತ್ತದೆ.

ನಿಮ್ಮ ಮಗಳ ವೀಸಾ ಸ್ಟಾಂಪ್ ಮುಗಿದು ಎರಡು ವರ್ಷವಾಗಿದೆ. ಅವರು ಇವತ್ತು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದರೆ, ನಾಳೆ ಅವರನ್ನು ಕರೆಸಿಕೊಳ್ಳಲು ಬಯಸುವ ಕಂಪನಿ ಈ ಒಂದು ಲಕ್ಷ ಡಾಲರನ್ನು ಎದುರಿಸಬೇಕು. ಬಹುತೇಕ ಕಂಪನಿಗಳು ಅಲ್ಲಿಗೇ ನಿಲ್ಲಿಸುತ್ತವೆ. ಲಾಟರಿ ಬೇಕಿಲ್ಲ, ಐ-140 ಇದೆ ಅನ್ನುವ ಅನುಕೂಲ ಈ ಹಣದ ಮುಂದೆ ನಿಲ್ಲುವುದಿಲ್ಲ. ಘೋಷಣೆಯ ಅವಧಿ 12 ತಿಂಗಳು ಎಂದು ಅದರಲ್ಲೇ ಬರೆದಿದೆ, ಮುಂದುವರಿಸಲೂ ಅವಕಾಶವಿದೆ, ನ್ಯಾಯಾಲಯಗಳಲ್ಲೂ ಪ್ರಶ್ನೆಯಾಗಿದೆ. ಹಾಗಾಗಿ ಯಾವುದೇ ಪಿಟಿಷನ್ ಹಾಕುವ ದಿನ ಅದರ ಸ್ಥಿತಿ ಏನು ಎಂದು ವಕೀಲರಿಂದ ಲಿಖಿತವಾಗಿ ಕೇಳಿ ಪಡೆಯಿರಿ. ಇದರ ಮೇಲೆ ವೀಸಾ ಸಂದರ್ಶನದ ಕಷ್ಟ ಬೇರೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ಅದರ ಜೊತೆಗೆ ವೀಸಾ ಸೇವೆ ಶುರುವಾಗಲಿಲ್ಲ. ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗುತ್ತಲೇ ಇದ್ದಾರೆ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳ ಪರಿಶೀಲನೆ ಶುರುವಾದ ಮೇಲೆ ಅನೇಕರ ಸಂದರ್ಶನದ ದಿನಾಂಕ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ರಜೆಗೆಂದು ಬಂದು ಮರಳಲಾಗದೆ ಇಲ್ಲೇ ಸಿಕ್ಕಿಕೊಂಡವರು ನನ್ನ ಕಚೇರಿಗೂ ಬಂದಿದ್ದಾರೆ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಮಗಳು ಕಣ್ಣ ಮುಂದೆ ಇರಲಿ ಅನ್ನುವುದು ಯಾವ ತಂದೆಗೂ ಸಹಜ. ಆದರೆ ಅಮೆರಿಕದಲ್ಲೇ ಮುಂದುವರಿಯಬೇಕು ಅನ್ನುವುದು ಅವರ ಇಚ್ಛೆಯಾದರೆ, ಹೊಸ ಪಿಟಿಷನ್‌ಗೆ ತೀರ್ಮಾನ ಬರುವ ತನಕ ದೇಶ ಬಿಡಬಾರದು. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೂ ಕರೆಯಬೇಡಿ. ಇಲ್ಲ, ವಾಪಸ್ ಬಂದು ಇಲ್ಲೇ ನೆಲೆಸುವುದು ಅವರ ಮನಸ್ಸಿನಲ್ಲಿದ್ದರೆ ಅದು ಬೇರೆ ಮಾತು, ಆಗ ಮಾರ್ಚ್ 6ರೊಳಗೆ ಹೊರಟರೆ ದಾಖಲೆ ಸ್ವಚ್ಛವಾಗಿರುತ್ತದೆ.

ಅಳಿಯನ ವಿಷಯ. ಅವರ ಎಚ್-4 ಮಗಳ ಎಚ್-1ಬಿಗೆ ಅಂಟಿಕೊಂಡಿದೆ. ಈ 60 ದಿನದ ಲೆಕ್ಕ ಅವರಿಗೂ ಅದೇ. ಮಗಳ ಹೊಸ ಪಿಟಿಷನ್ ಜೊತೆ ಅವರಿಗಾಗಿ ಪ್ರತ್ಯೇಕ ಐ-539 ಹಾಕಬೇಕೆ ಎನ್ನುವುದು ಅವರ ಐ-94 ದಿನಾಂಕ ನೋಡಿ ತೀರ್ಮಾನವಾಗುತ್ತದೆ. ಅವರು ಎಚ್-4 ಕೆಲಸದ ಅನುಮತಿ ಕಾರ್ಡಿನ ಮೇಲೆ ಕೆಲಸ ಮಾಡುತ್ತಿದ್ದರೆ ಕಾರ್ಡಿನ ಮೇಲಿನ ದಿನಾಂಕ ಮಾತ್ರ ನೋಡಿ ನಿಶ್ಚಿಂತೆಯಿಂದ ಇರಬಾರದು. ಕುಟುಂಬ ಬಿ-2ಗೆ ಬದಲಾದರೆ ಅವರೂ ಕೆಲಸ ಮಾಡುವಂತಿಲ್ಲ.

ಕೆಲವರು ಎಫ್-1 ತೆಗೆದುಕೊಂಡು ಕಾಲೇಜಿಗೆ ಸೇರಿಬಿಡಿ ಎನ್ನುತ್ತಾರೆ. ನಿಜವಾಗಿ ಓದುವ ಮನಸ್ಸಿದ್ದರೆ ಅದೂ ಕಾನೂನುಬದ್ಧ ದಾರಿಯೇ. ಸೇರಿದ ದಿನವೇ ಕೆಲಸಕ್ಕೆ ಅನುಮತಿ ಕೊಡುತ್ತೇವೆ ಎಂದು ಜಾಹೀರಾತು ಹಾಕುವ ಕಾಲೇಜುಗಳಿಂದ ದೂರ ಇರಬೇಕು. ಮುಂದಿನ ಎಚ್-1ಬಿ, ಗ್ರೀನ್ ಕಾರ್ಡ್ ಹಂತದಲ್ಲಿ ಆ ತಿಂಗಳುಗಳ ಹಾಜರಾತಿ, ಪಾಠ, ಕೆಲಸ ಎಲ್ಲದರ ವಿವರ ಕೇಳುತ್ತಾರೆ. ಐ-140 ಇರುವವರಿಗೆ ಅನಿವಾರ್ಯ ಸಂಕಷ್ಟದ ಆಧಾರದ ಮೇಲೆ ಒಂದು ವರ್ಷದ ಕೆಲಸದ ಅನುಮತಿ ಕೇಳುವ ಅವಕಾಶವೂ ಇದೆ. ಆದರೆ ಕೆಲಸ ಹೋಯಿತು ಅನ್ನುವುದೊಂದೇ ಸಂಕಷ್ಟ ಎನಿಸಿಕೊಳ್ಳುವುದಿಲ್ಲ, ಮಗುವಿನ ಗಂಭೀರ ಚಿಕಿತ್ಸೆಯಂಥ ಕಾರಣ ಬೇಕು. ಆ ಅನುಮತಿ ಮೇಲೆ ಕೆಲಸ ಶುರು ಮಾಡಿದರೆ ಎಚ್-1ಬಿ ಸ್ಟೇಟಸ್ ಬಿಟ್ಟಂತೆ, ಮತ್ತೆ ಅದಕ್ಕೆ ಮರಳಲು ಹೊರಗೆ ಹೋಗಿ ಬರಬೇಕಾಗುತ್ತದೆ. ನಿಮ್ಮ ಮಗಳ ಸಂದರ್ಭದಲ್ಲಿ ಇವೆರಡನ್ನೂ ನಾನು ಮುಂದಿಡುವುದಿಲ್ಲ.

ಪೇರೋಲ್ ತೋರಿಸಿಕೊಡುತ್ತೇವೆ ಎಂದ ಕನ್ಸಲ್ಟೆನ್ಸಿಗೆ ಒಂದೇ ಉತ್ತರ, ಬೇಡ. ಅದು ನಡೆಯುವ ರೀತಿ ಹೀಗೆ: ಮಗಳಿಂದಲೇ ಹಣ ಪಡೆದು, ಅದನ್ನೇ ತಿಂಗಳ ಸಂಬಳದ ಹಾಗೆ ತಿರುಗಿಸಿ ಖಾತೆಗೆ ಹಾಕಿ, ಪೇ ಸ್ಲಿಪ್ ಹುಟ್ಟಿಸುತ್ತಾರೆ. ಪ್ರಾಜೆಕ್ಟ್ ಇರುವುದಿಲ್ಲ, ಕ್ಲೈಂಟ್ ಪತ್ರ ಕಲ್ಪಿತ. ಇಲಾಖೆಯವರು ಕೆಲಸದ ಜಾಗಕ್ಕೆ ಬಂದು ನೋಡಿದಾಗ, ಅಥವಾ ವರ್ಷಗಳ ನಂತರ ಆ ಕಂಪನಿಯ ಮೇಲೆ ತನಿಖೆಯಾದಾಗ ಅದು ಹೊರಬರುತ್ತದೆ. ಸುಳ್ಳು ದಾಖಲೆ ಕೊಟ್ಟು ಪ್ರಯೋಜನ ಪಡೆದರು ಎಂದು ದಾಖಲಾದರೆ ಅಮೆರಿಕಕ್ಕೆ ಜೀವನಪರ್ಯಂತ ಪ್ರವೇಶ ನಿಷೇಧ. 60 ದಿನ ತಪ್ಪಿದರೆ ಸರಿಪಡಿಸಲು ದಾರಿಗಳಿವೆ, ಇದನ್ನು ಸರಿಪಡಿಸುವುದು ಬಹಳ ಕಷ್ಟ. ನಿಜವಾದ ಸ್ಪಾನ್ಸರ್‌ನನ್ನು ಗುರುತಿಸುವುದು ಕಷ್ಟವೇನಲ್ಲ. ನಿಮ್ಮಿಂದ ಹಣ ಕೇಳುವುದಿಲ್ಲ, ಪ್ರಾಜೆಕ್ಟ್ ಇಲ್ಲದ ದಿನಗಳಲ್ಲೂ ಸಂಬಳ ಕೊಡಬೇಕು ಅನ್ನುವುದು ಗೊತ್ತಿರುತ್ತದೆ, ಕೆಲಸದ ಜಾಗ ಮತ್ತು ಮ್ಯಾನೇಜರ್ ಯಾರು ಎಂದು ಕೇಳಿದರೆ ನೇರವಾಗಿ ಹೇಳುತ್ತಾರೆ.

ಕೊನೆಯದು ಐ-140. ಅದು ಅನುಮೋದನೆಯಾಗಿ 180 ದಿನ ದಾಟಿರುವುದರಿಂದ ಹಳೆಯ ಕಂಪನಿ ಹಿಂತೆಗೆದುಕೊಂಡರೂ ಅಷ್ಟಕ್ಕೇ ರದ್ದಾಗುವುದಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ಅವರ ಪ್ರಯಾರಿಟಿ ಡೇಟ್ ಉಳಿಯುತ್ತದೆ. ಹೊಸ ಕಂಪನಿ ಹೊಸದಾಗಿ ಕಾರ್ಮಿಕ ಪ್ರಮಾಣಪತ್ರ ಮತ್ತು ಐ-140 ಮಾಡಿಸಬೇಕು, ಆದರೆ ಹಳೆಯ ದಿನಾಂಕವನ್ನೇ ಇಟ್ಟುಕೊಳ್ಳಬಹುದು. ಭಾರತದಲ್ಲಿ ಹುಟ್ಟಿದವರಿಗೆ ಆ ಸಾಲು ಹತ್ತು ವರ್ಷಕ್ಕೂ ಮೀರಿ ಉದ್ದವಿರುವಾಗ ಆ ದಿನಾಂಕವೇ ಆಸ್ತಿ. ಮೋಸ ಅಥವಾ ದೊಡ್ಡ ತಪ್ಪು ಕಂಡು ಇಲಾಖೆ ರದ್ದು ಮಾಡಿದರೆ ಮಾತ್ರ ಅದು ಹೋಗುತ್ತದೆ. ಐ-140 ಪತ್ರ ಕಂಪನಿಯ ಹೆಸರಿನಲ್ಲಿ ಬರುವುದರಿಂದ ಅನೇಕರ ಬಳಿ ಅದರ ಪ್ರತಿಯೇ ಇರುವುದಿಲ್ಲ. ಕೆಲಸ ಹೋದ ಮೇಲೆ ಹಳೆಯ ಕಂಪನಿಯ ವಕೀಲರು ಉತ್ತರ ಕೊಡುವುದನ್ನೂ ನಿಲ್ಲಿಸುತ್ತಾರೆ. ಹಾಗಾಗಿ ಜನವರಿ 30ಕ್ಕೆ ಮೊದಲೇ ಅನುಮೋದನೆ ಪತ್ರದ ಪ್ರತಿಯನ್ನು, ಅದು ಕೊಡದಿದ್ದರೆ ರಸೀದಿ ಸಂಖ್ಯೆ ಮತ್ತು ಪ್ರಯಾರಿಟಿ ಡೇಟನ್ನಾದರೂ, ಇಮೇಲಿನಲ್ಲಿ ಕೇಳಿ ಪಡೆಯಲಿ. ಎರಡೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಂಥದ್ದೊಂದನ್ನು ಯುಎಸ್‌ಸಿಐಎಸ್‌ಗೆ ಹಾಕಿ ತಮ್ಮ ಕಡತದ ಪ್ರತಿ ತರಿಸಿಕೊಳ್ಳಬಹುದು. ಅದಕ್ಕೆ ತಿಂಗಳುಗಳು ಹಿಡಿಯಬಹುದಾದ್ದರಿಂದ ಆ ಅರ್ಜಿಯನ್ನೂ ಈಗಲೇ ಹಾಕಿಡುವುದು ಒಳ್ಳೆಯದು. ಇಡೀ ಕುಟುಂಬ ಮರಳುವುದೇ ಎಂದಾದರೆ, ಮೊಮ್ಮಗನಿಗೆ ಅಮೆರಿಕದ ಪಾಸ್‌ಪೋರ್ಟಿನ ಜೊತೆ ಒಸಿಐ ಕಾರ್ಡ್ ಅಥವಾ ಭಾರತದ ವೀಸಾ ಇಲ್ಲದೆ ವಿಮಾನ ಹತ್ತಿಸುವುದಿಲ್ಲ. ಅದು ಇದೆಯೇ ಎಂದು ಇವತ್ತೇ ಕೇಳಿ ನೋಡಿ.